100! ಕೊನೆಯಲ್ಲಿ ಎಷ್ಟು ಸೊನ್ನೆ? ನಾಲ್ಕು ದಾರಿ ಹಿಡಿದು ನೋಡಿದೆ

ಅಣ್ಣನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಪುಸ್ತಕ ತಂದು ಮುಂದಿಟ್ಟಳು. "ಚಿಕ್ಕಪ್ಪ, ನೂರರ ಫ್ಯಾಕ್ಟೋರಿಯಲ್ ಕೊನೆಯಲ್ಲಿ ಎಷ್ಟು ಸೊನ್ನೆ ಬರುತ್ತೆ? ನನಗೆ 21 ಬಂತು, ಉತ್ತರದಲ್ಲಿ 24 ಅಂತಿದೆ." 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸಿದರೆ ಬರುವುದೇ 100!. ಆ ಮೂರು ಸೊನ್ನೆ ಎಲ್ಲಿ ಕಳೆದವು ಎಂದು ಹುಡುಕಲು ಹೋಗಿ ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು ಸೈಂಟಿಫಿಕ್ ಕ್ಯಾಲ್ಕುಲೇಟರ್. ನನ್ನ ಹಳೆಯದು 69!ವರೆಗೆ ಮಾತ್ರ ಬರುತ್ತದೆ. 70! ಒತ್ತಿದರೆ ಎರರ್, ಯಾಕೆಂದರೆ ಅದು 10ರ ಘಾತ 100ನ್ನು ದಾಟುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಆಮೇಲೆ ಸ್ಪ್ರೆಡ್‌ಶೀಟ್. `=FACT(100)` ಹಾಕಿದರೆ `9.33262E+157` ಎಂದು ತೋರಿಸಿತು. ಸೆಲ್ ಅಗಲ ಮಾಡಿ ಪೂರ್ತಿ ಸಂಖ್ಯೆಯಾಗಿ ಬರೆಸಿದರೆ ಮೊದಲ 15 ಅಂಕಿ ಸರಿಯಾಗಿ ಬಂದು, ಮಿಕ್ಕಿದ್ದೆಲ್ಲ ಸೊನ್ನೆ! ಉತ್ತರದಲ್ಲಿ ಒಟ್ಟು 158 ಅಂಕಿ ಇವೆ, ಅಂದರೆ 143 ಸೊನ್ನೆ. ಅವು ಲೆಕ್ಕದಿಂದ ಬಂದವಲ್ಲ, ಶೀಟಿಗೆ ನೆನಪಿಡಲು ಆಗದ ಜಾಗಗಳು. ಎರರ್ ಕೊಟ್ಟ ಕ್ಯಾಲ್ಕುಲೇಟರೇ ಇದಕ್ಕಿಂತ ವಾಸಿ.

ಮೂರನೆಯದು ಪೈಥಾನ್. ಅದು ದೊಡ್ಡ ಪೂರ್ಣಾಂಕಗಳನ್ನು ಒಂದಂಕಿಯೂ ಬಿಡದೆ ಇಟ್ಟುಕೊಳ್ಳುತ್ತದೆ.

```
import math
s = str(math.factorial(100))
print(len(s) - len(s.rstrip("0")))
```

ಉತ್ತರ 24. ಆದರೆ ಮೊದಲ ಸಲ ನಾನು ಸುಮ್ನೆ `s.count("0")` ಅಂತ ಬರೆದಿದ್ದೆ, 30 ಬಂತು. ಸಂಖ್ಯೆಯ ನಡುವೆ ಇರುವ ಆರು ಸೊನ್ನೆಗಳನ್ನೂ ಅದು ಸೇರಿಸಿಕೊಂಡಿತ್ತು. ಸರಿ ಮಾಡಿದ ಮೇಲೂ ಒಂದು ಕೊರತೆ ಉಳಿಯಿತು. 24 ಎಂದು ಗೊತ್ತಾಯಿತು, 21 ಯಾಕೆ ತಪ್ಪು ಎಂದು ಗೊತ್ತಾಗಲಿಲ್ಲ. ಪರೀಕ್ಷೆ ಹಾಲ್‌ಗೆ ಲ್ಯಾಪ್‌ಟಾಪ್ ಒಯ್ಯುವ ಹಾಗೂ ಇಲ್ಲವಲ್ಲ.

ಕೊನೆಗೆ ಪೆನ್ನು, ಕಾಗದ. ಸೊನ್ನೆ ಹುಟ್ಟಬೇಕಾದರೆ ಒಂದು 10 ಬೇಕು, 10ಕ್ಕೆ ಒಂದು 2 ಮತ್ತು ಒಂದು 5 ಬೇಕು. 100! ಒಳಗೆ 2ಗಳು ಬೇಕಾದಷ್ಟಿವೆ. 100ನ್ನು ಶೇಷ ಬಿಟ್ಟು ಮತ್ತೆ ಮತ್ತೆ 2ರಿಂದ ಭಾಗಿಸಿದರೆ ಬರುವ 50, 25, 12, 6, 3, 1 ಕೂಡಿಸಿದರೆ 97. ಕಡಿಮೆ ಇರುವುದು 5. ಹಾಗಾಗಿ 5ಗಳನ್ನು ಎಣಿಸಿದರೆ ಸಾಕು. 5ರ ಮಗ್ಗಿಯಲ್ಲಿ 100ರವರೆಗೆ 20 ಸಂಖ್ಯೆಗಳಿವೆ, ಒಂದೊಂದರಿಂದ ಒಂದೊಂದು 5. ಆದರೆ 25, 50, 75, 100 ಈ ನಾಲ್ಕರಲ್ಲೂ ಎರಡೆರಡು 5 ಅಡಗಿವೆ, 25 ಎಂದರೆ 5×5 ಅಲ್ವಾ. ಅವುಗಳ ಎರಡನೇ 5 ಸೇರಿಸಿದರೆ 20+4=24. 125 ನೂರನ್ನು ದಾಟುವುದರಿಂದ ಮೂರನೇ ಸುತ್ತು ಇಲ್ಲ.

ಈಗ ಹುಡುಗಿಯ 21ಕ್ಕೆ ಬಂದೆ. ಅವಳು ಕಣ್ಣಿಗೆ ಕಾಣುವ ಸೊನ್ನೆ ಎಣಿಸಿದ್ದಳು. 10ರಿಂದ 90ರವರೆಗೆ ಒಂಬತ್ತು, 100ರಲ್ಲಿ ಎರಡು, ಒಟ್ಟು 11. 5ರಲ್ಲಿ ಮುಗಿಯುವ ಹತ್ತು ಸಂಖ್ಯೆಗಳಿಗೆ ಒಂದೊಂದು. 21. 100ರ ಎರಡು 5ಗಳು ಸೊನ್ನೆಯಾಗಿ ಕಂಡಿದ್ದವು, ಸಿಕ್ಕವು. 25, 50, 75ರ ಎರಡನೇ 5 ಕಾಣದೆ ಉಳಿದಿತ್ತು. "25ನ್ನು 4ರಿಂದ ಗುಣಿಸು" ಎಂದೆ. "ನೂರು... ಅಯ್ಯೋ, ಎರಡು ಸೊನ್ನೆ!" ಎಂದಳು. ಕಳೆದ ಮೂರೂ ಸಿಕ್ಕವು.

ಬರೆಯಲು ಇನ್ನೂ ಸುಲಭದ ರೂಪ ಇದೆ: 100ನ್ನು 5ರಿಂದ ಭಾಗಿಸಿ 20, ಆ 20ನ್ನು ಮತ್ತೆ 5ರಿಂದ ಭಾಗಿಸಿ 4, 4ರಲ್ಲಿ 5 ಹೋಗುವುದಿಲ್ಲ, ನಿಲ್ಲಿಸಿ. ಶೇಷ ಬಂದರೆ ಬಿಟ್ಟುಬಿಡಬೇಕು, ದಶಮಾಂಶಕ್ಕೆ ಹೋದರೆ ಲೆಕ್ಕ ಕೆಡುತ್ತದೆ. 1000!ಗೆ 200, 40, 8, 1. ಒಟ್ಟು 249. ಇದನ್ನು ಅವಳೇ ಮಾಡಿದಳು, ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ.

ಪೈಥಾನನ್ನು ನಾನು ಬಿಟ್ಟಿಲ್ಲ, ಉತ್ತರ ತಾಳೆ ನೋಡಲು ಇಟ್ಟುಕೊಂಡಿದ್ದೇನೆ. ಆದರೆ ಕೇಳಿದರೆ ನನ್ನ ಓಟು 5ರ ಎಣಿಕೆಗೇ. ಒಂದು ಎಚ್ಚರ: 2ಗಳು ಜಾಸ್ತಿ ಇರುವವರೆಗೆ ಮಾತ್ರ ಇದು ನಡೆಯುತ್ತದೆ. ಅದನ್ನೇ ಪರೀಕ್ಷಿಸಲು 1×3×5×…×99, ಬರೀ ಬೆಸಸಂಖ್ಯೆಗಳ ಗುಣಲಬ್ಧ ಕೊಟ್ಟೆ. ಅವಳು ಹುರುಪಿನಲ್ಲಿ 5ಗಳನ್ನು ಎಣಿಸಿ 12 ಅಂದಳು. 5ಗಳು 12 ಇರುವುದು ನಿಜ, ಆದರೆ ಜೋಡಿಗೆ ಒಂದೂ 2 ಇಲ್ಲ. ಸೊನ್ನೆಗಳ ಸಂಖ್ಯೆ ಸೊನ್ನೆ.