ಪದಕ್ಕೆ ಬಣ್ಣ ಹಚ್ಚುವ ಎರಡು ದಾರಿ: ನಮ್ಮ ಕನ್ನಡಕ್ಕೆ ಯಾವುದು ಸೈ?

ಬರಹ ಯಂತ್ರದ್ದೋ ಮನುಷ್ಯರದ್ದೋ ಎಂದು ಅಂದಾಜು ಮಾಡಲು, ಪ್ರತಿ ಪದವನ್ನು ಭಾಷಾ ಮಾದರಿ ಎಷ್ಟು ಸುಲಭವಾಗಿ ಊಹಿಸಬಲ್ಲದು ಎಂಬುದನ್ನು ಬಣ್ಣದಲ್ಲಿ ತೋರಿಸುವ ದಾರಿಗಳಿವೆ. ಕನ್ನಡಕ್ಕಾದರೆ ನನ್ನ ಆಯ್ಕೆ ಮನೆಯ ಲ್ಯಾಪ್‌ಟಾಪಿನಲ್ಲೇ ಓಡುವ ಬ್ಲೂಮ್ ಎಂಬ ಭಾಷಾ ಮಾದರಿ, ಅದೂ ಅದರ ಚಿಕ್ಕ ಆವೃತ್ತಿ `bloom-560m`. ಮೊದಲು ಚಂದಾ ಕಟ್ಟಿದ್ದ ಜಾಲತಾಣವೊಂದು ಬರೀ ಶೇಕಡಾವಾರು ಕೊಡುತ್ತಿತ್ತು, ಯಾವ ಪದಕ್ಕೆ ಎಷ್ಟು ಅಂತ ಹೇಳುತ್ತಿರಲಿಲ್ಲ. ಬಿಟ್ಟೆ.

ಎದುರಾಳಿ ಜಿಎಲ್‌ಟಿಆರ್, ಇದೇ ಕೆಲಸದ 2019ರ ಸಲಕರಣೆ. ಹಿಂದಿನ ಪದಗಳನ್ನು ನೋಡಿ ಜಿಪಿಟಿ-2 ಎಂಬ ಭಾಷಾ ಮಾದರಿ ಮುಂದಿನದಕ್ಕೆ ಒಂದು ಪಟ್ಟಿ ಹಾಕುತ್ತದೆ. ನಾವು ಬರೆದದ್ದು ಅದರ ಮೊದಲ 10ರೊಳಗಿದ್ದರೆ ಹಸಿರು, 100ರೊಳಗೆ ಹಳದಿ, 1000ದೊಳಗೆ ಕೆಂಪು, ಆಚೆಗೆ ನೇರಳೆ. ಹಸಿರು ಹೆಚ್ಚಿದಷ್ಟೂ ಯಂತ್ರದ ಅನುಮಾನ ಹೆಚ್ಚು. ಇಂಗ್ಲಿಷಿಗೆ ಚೆಂದ.

ಕನ್ನಡ ಹಾಕಿದರೆ ಮಾತ್ರ ಯಾರು ಬರೆದದ್ದಾದರೂ ಹಸಿರು-ಹಳದಿಯೇ! ಕಾರಣ ಬೈಟುಗಳಲ್ಲಿದೆ. ‘ಕ’ ಎಂದರೆ ಕಂಪ್ಯೂಟರಿಗೆ `E0 B2 95`, ಮೂರು ಬೈಟು. ‘ಕಲಬುರಗಿ’ಗೆ 21. ಜಿಪಿಟಿ-2 ಓದಿದ್ದು ಬಹುಪಾಲು ಇಂಗ್ಲಿಷ್, ಹಾಗಾಗಿ ಅದರ ಹತ್ತಿರ ಕನ್ನಡ ಪದಗಳ ತುಣುಕುಗಳಿಲ್ಲ. ಅದು ಊಹಿಸುವುದು ಪದವನ್ನಲ್ಲ, ಒಂದೆರಡು ಬೈಟಿನ ಚೂರನ್ನು. ಕನ್ನಡದ ಪ್ರತಿ ಅಕ್ಷರವೂ `E0 B2` ಇಲ್ಲವೇ `E0 B3` ಎಂದೇ ಶುರುವಾಗುವುದರಿಂದ ಅಷ್ಟು ಭಾಗ ಸಲೀಸಾಗಿ ಹಸಿರು.

ಉಳಿದ ಮೂರನೇ ಬೈಟಿಗೆ ಇರುವುದೇ 64 ಆಯ್ಕೆ. ಮಾದರಿ ಅಷ್ಟನ್ನು ಅರಿತಿದ್ದರೆ ಸಾಕು, ಎಷ್ಟೇ ತಪ್ಪಾಗಿ ಊಹಿಸಿದರೂ ಸ್ಥಾನ 100 ದಾಟುವುದಿಲ್ಲ. ನೇರಳೆಗೆ ಜಾಗವೇ ಇಲ್ಲ. ಇಂಥ ಹಸಿರನ್ನು ಕಂಡು ‘ಇದು ಯಂತ್ರ ಬರೆದದ್ದು’ ಅಂದುಬಿಟ್ಟರೆ ಪಾಪ, ಬರೆದವರ ಗತಿ?

ಬ್ಲೂಮ್ ಕಲಿತ 46 ಭಾಷೆಗಳಲ್ಲಿ ಕನ್ನಡವೂ ಒಂದು, ಅದಕ್ಕೇ ಅದರ ತುಣುಕುಗಳು ದೊಡ್ಡವು. ಆದರೂ ಒಂದು ಪದ ಎರಡು ಮೂರು ತುಣುಕಾಗಬಹುದು, ಸ್ಥಾನಗಳನ್ನು ಕೂಡಿಸಿದರೆ ಅರ್ಥವಿಲ್ಲ. ಆದ್ದರಿಂದ ಬಣ್ಣಕ್ಕೆ ನಾನು ಹಿಡಿದದ್ದು ಬಿಟ್ ಲೆಕ್ಕ, ಸಾಧ್ಯತೆ ಅರ್ಧವಾದಂತೆಲ್ಲ ಒಂದು ಬಿಟ್ ಹೆಚ್ಚು. ಕೆಳಗೆ `model` ಎಂದರೆ ಬ್ಲೂಮ್, `ids` ಎಂದರೆ ಪಠ್ಯದ ತುಣುಕುಗಳ ಸಂಖ್ಯೆಗಳು:

```python
lp = model(ids).logits[0,:-1].log_softmax(-1)
g = lp.gather(1, ids[0,1:,None])
rank = (lp > g).sum(1) + 1
bits = -g[:,0] / 0.6931
```

‘ತೊಗರಿ’ ಮೂರು ತುಣುಕಾಗಿ 6, 2, 1 ಬಿಟ್ ಬಂತು ಅನ್ನಿ. ಒಟ್ಟು 9, ಅಂದರೆ ಆ ಜಾಗದಲ್ಲಿ ಆ ಪದ ಬರುವ ಸಾಧ್ಯತೆ 512ರಲ್ಲಿ ಒಂದು. ಇಡೀ ಪದಕ್ಕೆ ಒಂದೇ ಬಣ್ಣ, ಬಿಟ್ ಹೆಚ್ಚಿದಷ್ಟೂ ಗಾಢ. ಸ್ಥಾನ ಮುಚ್ಚಿಡುವ ಇನ್ನೊಂದು ಸಂಗತಿಯೂ ಇಲ್ಲಿ ಬಯಲಾಗುತ್ತದೆ: ಮೊದಲ ಸ್ಥಾನದ ಪದಕ್ಕೆ ಶೇ. 95 ಖಾತ್ರಿಯಿದ್ದರೂ ಹಸಿರು, ಶೇ. 4 ಇದ್ದರೂ ಹಸಿರು.

ಒಂದು ಎಚ್ಚರಿಕೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಕಚೇರಿ ಪತ್ರ ಗುಮಾಸ್ತರೇ ಬರೆದರೂ ತೆಳು ಬಣ್ಣಕ್ಕೇ ಹೋಗುತ್ತದೆ. ನಮ್ಮ ‘ಮಳಿ ಬರ್ಲತ್ತದ’ ಗಾಢವಾಗುತ್ತದೆ, ಅದು ಪುಸ್ತಕದ ಕನ್ನಡವಲ್ಲವಲ್ಲ. ಬಣ್ಣ ಹೇಳುವುದು ಮಾದರಿ ಏನನ್ನು ಎಷ್ಟು ಓದಿದೆ ಎಂಬುದನ್ನೇ ಹೊರತು ಬರೆದವರು ಯಾರೆಂದಲ್ಲ.

ನಿಧಾನವೇನೋ ಹೌದು, ಗ್ರಾಫಿಕ್ಸ್ ಕಾರ್ಡ್ ನನ್ನಲ್ಲಿಲ್ಲ. ದಿನಕ್ಕೆ ನಾಲ್ಕಾರು ಪುಟ ನೋಡುವವನಿಗೆ ಇಷ್ಟು ಸಾಕು, ಖರ್ಚೂ ಇಲ್ಲ. ಇಂಗ್ಲಿಷ್ ಪುಟ ಬಂದರೆ ಈಗಲೂ ಜಿಎಲ್‌ಟಿಆರ್ ತೆರೆಯುತ್ತೇನೆ.