ಕಂದು ಸಕ್ಕರೆಯನ್ನು ತೊಳೆದಾಗ ಉಳಿಯುವುದೇನು: ಬಿಳಿ ಸಕ್ಕರೆಯೊಡನೆ ಒಂದು ಹೋಲಿಕೆ

ಜಯನಗರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಳಿ ಸಕ್ಕರೆಯ ಪೊಟ್ಟಣದ ಪಕ್ಕದಲ್ಲೇ ಕಂದು ಸಕ್ಕರೆಯೂ ಇರುತ್ತದೆ. ಅದರ ಬೆಲೆ ಸಾಮಾನ್ಯವಾಗಿ ಬಿಳಿ ಸಕ್ಕರೆಯ ಎರಡು ಪಟ್ಟಿಗಿಂತ ಹೆಚ್ಚು. ಇಷ್ಟು ಹಣಕ್ಕೆ ಆರೋಗ್ಯದ ಲಾಭವೇನಾದರೂ ಸಿಗುತ್ತದೆಯೇ, ಅಥವಾ ಬಿಳಿ ಸಕ್ಕರೆಗೇ ಕಾಕಂಬಿ ಬೆರೆಸಿ ಮಾರುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎರಡನ್ನೂ ಅಡುಗೆಮನೆಯಲ್ಲಿ ಬಳಸಿ, ತೂಗಿ, ತೊಳೆದು ನೋಡಿದೆ.

ಮೊದಲು ತಯಾರಿಕೆಯ ವಿಷಯ. ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಶುದ್ಧಿ ಮಾಡಿ, ಕುದಿಸಿ ಗಟ್ಟಿಯಾಗಿಸಿ, ಹರಳುಗಟ್ಟಿದ ಮೇಲೆ ರಭಸವಾಗಿ ತಿರುಗುವ ಜರಡಿಯಂತಹ ಯಂತ್ರಕ್ಕೆ ಹಾಕುತ್ತಾರೆ. ಹರಳು ಒಳಗೆ ಉಳಿಯುತ್ತದೆ, ಅಂಟಾದ ಕಪ್ಪು ದ್ರವ ಹೊರಗೆ ಹೋಗುತ್ತದೆ. ಆ ದ್ರವವೇ ಕಾಕಂಬಿ. ಅಂಗಡಿಯಲ್ಲಿ ಸಿಗುವ ಮೆತ್ತಗಿನ, ಒದ್ದೆಮರಳಿನಂತಹ ಕಂದು ಸಕ್ಕರೆಯನ್ನು ಬಹುಮಟ್ಟಿಗೆ ಇದರ ಹಿಮ್ಮುಖ ಕೆಲಸದಿಂದ ಮಾಡುತ್ತಾರೆ. ಪೂರ್ತಿ ಬಿಳಿಯಾದ ಹರಳಿಗೆ ತಿನ್ನಲು ಯೋಗ್ಯವಾದ ಕಾಕಂಬಿಯನ್ನು ಮತ್ತೆ ಲೇಪಿಸುತ್ತಾರೆ. ತಿಳಿಕಂದು ಬಗೆಯಲ್ಲಿ ತೂಕದ ಸುಮಾರು ಶೇ. 3.5ರಷ್ಟು, ಗಾಢ ಬಗೆಯಲ್ಲಿ ಸುಮಾರು ಶೇ. 6.5ರಷ್ಟು. ಡೆಮೆರಾರ ಎಂಬ ಹೆಸರಿನಲ್ಲಿ ಸಿಗುವ ದಪ್ಪಹರಳಿನ ಹೊಂಬಣ್ಣದ ಸಕ್ಕರೆ ಬೇರೆ ಜಾತಿಯದು. ಅಸಲಿಯಾಗಿದ್ದರೆ ಅದರಲ್ಲಿರುವುದು ಮೊದಲಿನಿಂದಲೂ ಪೂರ್ತಿ ಬಿಟ್ಟುಹೋಗದ ಕಾಕಂಬಿಯೇ ಹೊರತು ಆಮೇಲೆ ಸೇರಿಸಿದ್ದಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಲು ಸಕ್ಕರೆ ಕಾರ್ಖಾನೆಯವರದೇ ಒಂದು ಉಪಾಯವಿದೆ. ಸಂಸ್ಕರಣೆಯ ಮೊದಲ ಹಂತದಲ್ಲಿ ಅವರು ಕಚ್ಚಾ ಸಕ್ಕರೆಯನ್ನು ಗಟ್ಟಿ ಪಾಕದಲ್ಲಿ ಕಲಸಿ ತೊಳೆಯುತ್ತಾರೆ. ಪಾಕದಲ್ಲಿ ಆಗಲೇ ಕರಗಬಹುದಾದಷ್ಟು ಸಕ್ಕರೆ ಕರಗಿರುವುದರಿಂದ ಹರಳು ಹಾಗೇ ಉಳಿದು, ಮೇಲಿನ ಕಾಕಂಬಿಯ ಪದರ ಮಾತ್ರ ಬಿಟ್ಟುಕೊಳ್ಳುತ್ತದೆ. ನಾನು 100 ಮಿಲಿ ಬಿಸಿನೀರಿಗೆ ಕಾಲು ಕೆಜಿ ಬಿಳಿ ಸಕ್ಕರೆ ಹಾಕಿ ಕಲಕಿ, ಪೂರ್ತಿ ಆರಲು ಬಿಟ್ಟೆ. ತಳದಲ್ಲಿ ಸ್ವಲ್ಪ ಸಕ್ಕರೆ ಕರಗದೆ ನಿಂತರೆ ಪಾಕ ಸಿದ್ಧವಾಯಿತೆಂದು ಅರ್ಥ. ಮೇಲಿನ ತಿಳಿಯನ್ನು ಬಟ್ಟಲುಗಳಿಗೆ ಬಗ್ಗಿಸಿ, ಒಂದೊಂದರಲ್ಲಿ ಒಂದೊಂದು ಬಗೆಯ ಸಕ್ಕರೆಯನ್ನು ಎರಡು ಚಮಚ ಹಾಕಿ ಕಲಕಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆ. ಮೆತ್ತಗಿನ ಕಂದು ಸಕ್ಕರೆಯ ಬಣ್ಣವೆಲ್ಲ ಪಾಕಕ್ಕೆ ಇಳಿದು, ಜಾಲರಿಯಲ್ಲಿ ಉಳಿದ ಹರಳು ನಮ್ಮ ಡಬ್ಬಿಯ ಬಿಳಿ ಸಕ್ಕರೆಯಷ್ಟೇ ಬೆಳ್ಳಗಿತ್ತು. ಡೆಮೆರಾರ ಹರಳು ಮಾತ್ರ ಎರಡನೆಯ ಸಲ ತೊಳೆದರೂ ಒಣಹುಲ್ಲಿನ ಹಳದಿ ಬಣ್ಣವನ್ನು ಬಿಡಲಿಲ್ಲ, ಏಕೆಂದರೆ ಅಲ್ಲಿ ಬಣ್ಣದ ಒಂದು ಪಾಲು ಹರಳಿನ ಒಳಗೇ ಸೇರಿರುತ್ತದೆ.

ಹೋಲಿಕೆಗಾಗಿ ಬೇಕರಿ ಸಾಮಾನಿನ ಅಂಗಡಿಯಿಂದ ಆಹಾರದರ್ಜೆಯ ಕಾಕಂಬಿ ತಂದು, 200 ಗ್ರಾಂ ಬಿಳಿ ಸಕ್ಕರೆಗೆ ಒಂದು ಟೀ ಚಮಚ ಹಾಕಿ ಬೆರಳತುದಿಯಿಂದ ಚೆನ್ನಾಗಿ ಉಜ್ಜಿದೆ. ಮೊದಲು ಅಲ್ಲಲ್ಲಿ ಕಪ್ಪು ಮುದ್ದೆಗಳಾದವು, ಐದು ನಿಮಿಷ ಉಜ್ಜಿದ ಮೇಲೆ ಬಣ್ಣ ಒಂದೇ ಸಮನಾಯಿತು. ಮಾವನವರಿಗೂ ನಮ್ಮ ಯಜಮಾನರಿಗೂ ಅದನ್ನು ಪೊಟ್ಟಣದ ಸಕ್ಕರೆಯ ಪಕ್ಕದಲ್ಲಿಟ್ಟು ತೋರಿಸಿದರೆ, ರುಚಿ ನೋಡಿಯೂ ಇಬ್ಬರೂ ಯಾವುದು ಕೊಂಡದ್ದು ಎಂದು ಹೇಳಲಾರದೆ ಹೋದರು.

ತೊಳೆದು ನೋಡುವ ಈ ವಿಧಾನಕ್ಕೂ ಮಿತಿಯಿದೆ. ಕಾಕಂಬಿಯ ಬದಲು ಕ್ಯಾರಮೆಲ್ ಬಣ್ಣ ಹಾಕಿದ್ದರೂ ಅದು ಹೀಗೆಯೇ ಬಿಟ್ಟುಹೋಗುತ್ತದೆ. ಅದನ್ನು ಪತ್ತೆ ಮಾಡಲು ಪೊಟ್ಟಣದ ಹಿಂಬದಿಯ ಪದಾರ್ಥಗಳ ಸಾಲನ್ನೇ ಓದಬೇಕು. ಕ್ಯಾರಮೆಲ್ ಎಂದೋ ಐಎನ್‌ಎಸ್ 150 ಎಂದೋ ಇದ್ದರೆ ಅದು ಬರಿಯ ಬಣ್ಣ. ಗಂಧಕದ ಭಯದಿಂದ ಬಿಳಿ ಸಕ್ಕರೆ ಬಿಟ್ಟವರೂ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಬಹುತೇಕ ಕಾರ್ಖಾನೆಗಳು ಕಬ್ಬಿನ ರಸವನ್ನು ಶುದ್ಧಿ ಮಾಡಲು ಗಂಧಕದ ಅನಿಲ ಬಳಸುವುದು ನಿಜ, ಆದರೆ ಕಂದು ಸಕ್ಕರೆಯ ಒಳಗಿನ ಹರಳೂ ಅಂತಹ ಕಾರ್ಖಾನೆಯಿಂದಲೇ ಬಂದಿದ್ದರೆ ಮೇಲಿನ ಲೇಪದಿಂದ ಆ ಭಯ ತಪ್ಪುವುದಿಲ್ಲ.

ಕಾಕಂಬಿಯಲ್ಲಿ ಸುಣ್ಣಾಂಶ, ಕಬ್ಬಿಣ, ಪೊಟ್ಯಾಸಿಯಂ ಇವೆಯಲ್ಲ ಎಂಬುದು ಕಂದು ಸಕ್ಕರೆಯ ಪರವಾದ ಮುಖ್ಯ ವಾದ. ಇವೆ, ಸುಳ್ಳಲ್ಲ. 100 ಗ್ರಾಂ ಕಂದು ಸಕ್ಕರೆಯಲ್ಲಿ ಸುಮಾರು 83 ಮಿಲಿಗ್ರಾಂ ಕ್ಯಾಲ್ಸಿಯಂ, 0.7 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಬಿಳಿಯದರಲ್ಲಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಕ್ಕರೆಯನ್ನು ಯಾರೂ ನೂರು ಗ್ರಾಮಿನ ಲೆಕ್ಕದಲ್ಲಿ ತಿನ್ನುವುದಿಲ್ಲ. ನಮ್ಮ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬೆಳಗ್ಗೆ ಒಂದು, ಸಂಜೆ ಒಂದು ಫಿಲ್ಟರ್ ಕಾಫಿ, ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ದಿನಕ್ಕೆ ಸುಮಾರು 16 ಗ್ರಾಂ ಆಯಿತು. ಇಷ್ಟು ಕಂದು ಸಕ್ಕರೆಯಿಂದ ದೊರೆಯುವ ಕಬ್ಬಿಣ 0.11 ಮಿಲಿಗ್ರಾಂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ ಸೂಚಿಸಿರುವುದು 29 ಮಿಲಿಗ್ರಾಂ. ಅದೇ ಸಕ್ಕರೆಯ ಕ್ಯಾಲ್ಸಿಯಂ ಸುಮಾರು 13 ಮಿಲಿಗ್ರಾಂ, ಆದರೆ ಒಂದೊಂದು ಲೋಟ ಕಾಫಿಗೆ ಹಾಕುವ 50 ಮಿಲಿ ಹಾಲಿನಲ್ಲೇ ಅದರ ನಾಲ್ಕು ಪಟ್ಟಿಗಿಂತ ಹೆಚ್ಚಿರುತ್ತದೆ. ಮಧ್ಯಾಹ್ನದ ರಾಗಿಮುದ್ದೆಗೆ 50 ಗ್ರಾಂ ಹಿಟ್ಟು ಹಾಕಿದರೂ ಎರಡು ಮಿಲಿಗ್ರಾಮಿಗಿಂತ ಹೆಚ್ಚು ಕಬ್ಬಿಣ ಬರುತ್ತದೆ. ಸಕ್ಕರೆಯಿಂದ ಅಷ್ಟು ಕಬ್ಬಿಣ ಬೇಕೆಂದರೆ ಕಾಲು ಕೆಜಿಗಿಂತ ಹೆಚ್ಚು ಕಂದು ಸಕ್ಕರೆ ತಿನ್ನಬೇಕಾಗುತ್ತದೆ!

ಕ್ಯಾಲೊರಿಯಲ್ಲೂ ಅಂತರ ಅಷ್ಟಕ್ಕಷ್ಟೇ. ನೂರು ಗ್ರಾಮಿಗೆ ಬಿಳಿಯದರಲ್ಲಿ ಸುಮಾರು 387, ಕಂದಿನಲ್ಲಿ 380. ಈ ಏಳರ ವ್ಯತ್ಯಾಸ ಬರುವುದೂ ಕಂದು ಸಕ್ಕರೆಯಲ್ಲಿ ನೀರಿನ ಅಂಶ ಸ್ವಲ್ಪ ಹೆಚ್ಚಿರುವುದರಿಂದಲೇ. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್ ಆದ್ದರಿಂದ ರಕ್ತದ ಸಕ್ಕರೆಯೂ ಒಂದೇ ರೀತಿಯಲ್ಲಿ ಏರುತ್ತದೆ. ಪ್ರಾಯೋಗಿಕವಾಗಿ ನಾನು ಕಂಡ ಅಪಾಯ ಇಲ್ಲಿಯೇ ಇದೆ. ಮಧುಮೇಹವಿರುವ ನಮ್ಮ ಮಾವನವರು ಬಿಳಿ ಸಕ್ಕರೆಯಾದರೆ ಅರ್ಧ ಚಮಚಕ್ಕೆ ಸುಮ್ಮನಾಗುವವರು, ಕಂದು ಸಕ್ಕರೆ ಬಂದ ಮೇಲೆ "ಇದು ಒಳ್ಳೇದು ತಾನೇ, ಇನ್ನೊಂದು ಚಮಚ ಹಾಕಮ್ಮ" ಎನ್ನತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಗೆ ಹಾಕಿರುವ ಮಿತಿ, ಅಂದರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಎಂಬುದು, ಎರಡೂ ಬಣ್ಣದ ಸಕ್ಕರೆಗೆ ಅನ್ವಯಿಸುತ್ತದೆ.

ಹಾಗಾದರೆ ಕಂದು ಸಕ್ಕರೆಯಿಂದ ಪ್ರಯೋಜನವೇ ಇಲ್ಲವೆಂದಲ್ಲ, ಆದರೆ ಅದಿರುವುದು ರುಚಿಯಲ್ಲಿ, ಹದದಲ್ಲಿ. ಬಾಳೆಹಣ್ಣಿನ ಕೇಕಿಗೆ ಹಾಕಿದಾಗ ಕಾಕಂಬಿಯ ತೇವದಿಂದ ಕೇಕು ಮರುದಿನವೂ ಮೆತ್ತಗಿತ್ತು, ಬಿಳಿ ಸಕ್ಕರೆಯದು ಅಷ್ಟರಲ್ಲಿ ಅಂಚಿನಲ್ಲಿ ಒಣಗಿತ್ತು. ಫಿಲ್ಟರ್ ಕಾಫಿಯಲ್ಲಿ ಮಾತ್ರ ಕಾಕಂಬಿಯ ವಾಸನೆ ಡಿಕಾಕ್ಷನ್ನಿನ ಘಮವನ್ನು ಮುಚ್ಚುತ್ತದೆ, ಡೆಮೆರಾರವಂತೂ ಬೇಗ ಕರಗದೆ ಲೋಟದ ತಳದಲ್ಲಿ ಕೂರುತ್ತದೆ. ಮೈಸೂರು ಪಾಕಿಗೆ ನಾನು ಬಿಳಿಯದನ್ನೇ ಬಳಸುತ್ತೇನೆ. ಕಂದು ಪಾಕದ ಬಣ್ಣದಲ್ಲಿ ಕಡಲೆಹಿಟ್ಟು ಎಷ್ಟು ಹುರಿದಿದೆ ಎಂಬುದೇ ಕಣ್ಣಿಗೆ ತಿಳಿಯುವುದಿಲ್ಲ.

ಬೇಕಿಂಗಿಗೆಂದು ತರುವವರು ಚಿಕ್ಕ ಪೊಟ್ಟಣವನ್ನೇ ತರುವುದು ಲೇಸು. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಲೇಪದ ತೇವ ಆರಿದರೆ ಹರಳುಗಳು ಒಂದಕ್ಕೊಂದು ಅಂಟಿ ಇಡೀ ಸಕ್ಕರೆ ಇಟ್ಟಿಗೆಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹೋಳು ಬ್ರೆಡ್ ಜೊತೆಗೆ ರಾತ್ರಿಯಿಡೀ ಮುಚ್ಚಿಟ್ಟರೆ ಬ್ರೆಡ್ಡಿನ ತೇವವನ್ನು ಎಳೆದುಕೊಂಡು ಮತ್ತೆ ಉದುರುತ್ತದೆ. ಬೆಳಗ್ಗೆ ಬ್ರೆಡ್ಡನ್ನು ಮರೆಯದೆ ತೆಗೆದುಬಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.