5,000 ಸಾಲಕ್ಕೆ ಕೈಗೆ ಬಂದದ್ದು 3,100: ದಯವಿಟ್ಟು ಈ ಆ್ಯಪ್‌ಗಳ ಸಹವಾಸ ಬೇಡ

ಮಗಳ ಶಾಲೆಯ ಶುಲ್ಕಕ್ಕೆ 5,000 ರೂಪಾಯಿ ಕಡಿಮೆ ಬಿದ್ದಿತ್ತು, ಸಂಬಳಕ್ಕೆ ಇನ್ನೂ ಒಂಬತ್ತು ದಿನವಿತ್ತು. ನೆಂಟರ ಮುಂದೆ ಕೈಚಾಚಲು ನಾಚಿಕೆಯಾಗಿ, ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತಿ ಸಾಲದ ಆ್ಯಪ್ ಒಂದನ್ನು ಹಾಕಿಕೊಂಡೆ. ಕೊನೆಗೆ ಮಾನ ಹೋದದ್ದು ಅದೇ ನೆಂಟರ ಮುಂದೆ.

ಮೊದಲ ಪರದೆಯಲ್ಲಿ ಅವಧಿ 91 ದಿನ ಎಂದಿತ್ತು. ಆಧಾರ್, ಪ್ಯಾನ್, ಸೆಲ್ಫಿ ಎಲ್ಲವನ್ನೂ ಕೊಟ್ಟೆ. ಕಾಂಟ್ಯಾಕ್ಟ್‌ಗಳಿಗೆ ಅನುಮತಿ ಕೊಡದೆ ಮುಂದಿನ ಪರದೆ ತೆರೆಯುವುದೇ ಇಲ್ಲ, ಅದನ್ನೂ ಕೊಟ್ಟೆ. ಹತ್ತು ನಿಮಿಷದಲ್ಲಿ ಖಾತೆಗೆ ಬಿದ್ದದ್ದು 3,100 ರೂಪಾಯಿ. ಮರುಪಾವತಿಯ ಜಾಗದಲ್ಲಿ 5,000 ಎಂದೂ, ಕಡೆಯ ದಿನ ಏಳನೆಯ ದಿನವೆಂದೂ ಇತ್ತು. ನಾನು ಮೂರು ಬಾರಿ ಓದಿದೆ. ಅಂದರೆ 3,100ಕ್ಕೆ ಒಂದೇ ವಾರದಲ್ಲಿ 1,900, ನೂರಕ್ಕೆ 61ಕ್ಕಿಂತ ಹೆಚ್ಚು. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದಾಗ ಬಂದ ಉತ್ತರ: "ಪ್ರೊಸೆಸಿಂಗ್ ಫೀ ಮತ್ತು ಜಿಎಸ್‌ಟಿ ಸರ್, ನೀವೇ ಒಪ್ಪಿದ್ದೀರಿ." ಹಣವನ್ನು ಈಗಲೇ ಹಿಂದಿರುಗಿಸುತ್ತೇನೆ ಎಂದೆ. "ಹಿಂದಿರುಗಿಸಿ ಸರ್, 5,000 ಹಾಕಿ" ಎಂದರು.

ಆರನೆಯ ದಿನ ಬೆಳಗ್ಗೆಯೇ, ಅಂದರೆ ಗಡುವು ಮುಗಿಯುವ ಮೊದಲೇ, ಕರೆಗಳು ಶುರುವಾದವು. ಮಧ್ಯಾಹ್ನ ನನ್ನ ಸೋದರತ್ತೆ ಫೋನ್ ಮಾಡಿ, "ಏನಪ್ಪಾ, ನೀನು ಯಾರಿಗೋ ಮೋಸ ಮಾಡಿ ಓಡಿಹೋಗಿದ್ದೀಯಂತೆ?" ಎಂದು ಕೇಳಿದರು. ನನ್ನ ಸೆಲ್ಫಿಯ ಮೇಲೆ 'ಕಳ್ಳ' ಎಂದು ಬರೆದು ಅವರಿಗೆ ಕಳುಹಿಸಿದ್ದರು. ಕಚೇರಿಯ ಇಬ್ಬರಿಗೂ ಅದೇ ಚಿತ್ರ ಹೋಗಿತ್ತು. ಹೆದರಿ, 'ಅವಧಿ ವಿಸ್ತರಣೆ' ಎಂಬ ಹೆಸರಿನಲ್ಲಿ ಅವರು ಕೇಳಿದ 1,500 ಕಟ್ಟಿದೆ. ಅದು ಅಸಲಿಗೆ ಜಮೆಯಾಗುವುದಿಲ್ಲ ಎಂಬುದು ಸಂಬಳ ಬಂದ ಮೇಲೆ ಪೂರ್ತಿ 5,000 ಕಟ್ಟುವಾಗಲೇ ತಿಳಿದದ್ದು. ಒಟ್ಟು 6,500 ಕಟ್ಟಿದ ಮರುದಿನ, ನಾನು ಕೇಳದೆಯೇ ಮತ್ತೆ 3,100 ಖಾತೆಗೆ ಬಂತು. ಕೇಳಿದರೆ, "ಹೊಸ ಸಾಲ ಸರ್, ಹಳೆಯ ಗ್ರಾಹಕರಿಗೆ ಕೊಡುತ್ತೇವೆ"! ನಾಚಿಕೆಯೆಂಬುದೇ ಇಲ್ಲ.

ಆಗಲಾದರೂ ಬುದ್ಧಿ ಬಂದು ಬ್ಯಾಂಕ್ ವಿವರ ತೆಗೆದು ನೋಡಿದೆ. ಹಣ ಹಾಕಿದ್ದು ಬ್ಯಾಂಕೂ ಅಲ್ಲ, ಹಣಕಾಸು ಸಂಸ್ಥೆಯೂ ಅಲ್ಲ, ಯಾವುದೋ ವ್ಯಾಪಾರಿ ಖಾತೆ. ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಸಾಲದ ಹಣ ನೋಂದಾಯಿತ ಸಂಸ್ಥೆಯ ಖಾತೆಯಿಂದಲೇ ನಮ್ಮ ಖಾತೆಗೆ ಬರಬೇಕು, ವಾರ್ಷಿಕ ದರವೂ ಎಲ್ಲ ಶುಲ್ಕಗಳೂ ಇರುವ ವಿವರಪತ್ರವನ್ನು ಮೊದಲೇ ಕೊಡಬೇಕು, ಅದರಲ್ಲಿ ಇಲ್ಲದ ಶುಲ್ಕ ವಸೂಲು ಮಾಡುವಂತಿಲ್ಲ, ಕಾಂಟ್ಯಾಕ್ಟ್ ಪಟ್ಟಿಯನ್ನಂತೂ ಮುಟ್ಟುವಂತಿಲ್ಲ. ಆದ್ದರಿಂದ ಆ ಅನುಮತಿ ಕೇಳಿದ ಪರದೆಯಲ್ಲಿಯೇ ನಿಂತುಬಿಡಿ. ಒಮ್ಮೆ ಕೊಟ್ಟ ಮೇಲೆ ಆ್ಯಪ್ ತೆಗೆದುಹಾಕಿದರೂ ಪಟ್ಟಿ ಅವರ ಬಳಿಯೇ ಉಳಿಯುತ್ತದೆ. ವಿಸ್ತರಣೆಯ ಹಣವನ್ನು ಮಾತ್ರ ಕಟ್ಟಲೇಬೇಡಿ; ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ನಾನು ಕೊಟ್ಟದ್ದು ಎರಡು ವಾರ ತಡವಾಗಿ. ಸೋದರತ್ತೆ ಈಗಲೂ ಫೋನ್ ಮಾಡಿದಾಗ, "ಆ ಸಾಲ ತೀರಿತೇನಪ್ಪಾ?" ಎಂದೇ ಮಾತು ಆರಂಭಿಸುತ್ತಾರೆ.